ನಾಲ್ಕೂವರೆ ಇಂಚಿನ ಗೋಡೆ ಸಾಕೇ? ಹಲ್ಲಿನ ಎಕ್ಸ್‌ರೇ ಕೋಣೆಯ ಲೆಕ್ಕ

ಪ್ರಶ್ನೆ: ಗದಗದಲ್ಲಿ ಬಾಡಿಗೆ ಮಳಿಗೆ ಹಿಡಿದು ಹಲ್ಲಿನ ಕ್ಲಿನಿಕ್ ಶುರು ಮಾಡುತ್ತಿದ್ದೇನೆ. ನೆಲಮಹಡಿ, ಕೋಣೆ 10×12 ಅಡಿ, ಮೇಲೆ ಮಾಲೀಕರ ಮನೆ. 70 ಕಿಲೋವೋಲ್ಟ್‌ನ ಗೋಡೆ ಯಂತ್ರ, ಫಿಲ್ಮ್ ಬದಲು ಬಾಯೊಳಗಿಡುವ ಆರ್‌ವಿಜಿ ಸೆನ್ಸರ್. ಒಂದು ಪಕ್ಕ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ, ಅದರಾಚೆ ಖಾನಾವಳಿ. ಅವರು 'ನಿಮ್ಮ ಎಕ್ಸ್‌ರೇದಿಂದ ನಮಗೇನೂ ಆಗೂದಿಲ್ಲಲ್ರೀ?' ಅಂತ ದಿನಾ ಕೇಳ್ತಾರೆ. ಎದುರಿಗೆ ಪ್ಲೈವುಡ್ ಪಾರ್ಟಿಷನ್, ಅದರಾಚೆ ರಿಸೆಪ್ಷನ್. ಒಳಾಂಗಣ ಕೆಲಸದವರು ನಾಲ್ಕೂ ಗೋಡೆಗೆ ಸೀಸದ ತಗಡು ಹೊಡೆಸಬೇಕು ಅಂತಾರೆ. ನನ್ನ ಸಹಾಯಕಿ ನಾಲ್ಕು ತಿಂಗಳ ಗರ್ಭಿಣಿ. ಸೀಸ ಬೇಕೇ ಬೇಕಾ? ಆಕೆ ಕೆಲಸ ಬಿಡಬೇಕಾ? ವಿಕಿರಣ ಮಿತಿಯೊಳಗೇ ಇದ್ದರೆ ಮತ್ತೂ ತಗ್ಗಿಸಿ ಅನ್ನೋದು ಯಾಕೆ?

ಉತ್ತರ: ಖಾನಾವಳಿ ಕಡೆಯ ಗೋಡೆಗೆ ಸೀಸ ಬೇಡ. ಪ್ಲೈವುಡ್ ಪಾರ್ಟಿಷನ್ನನ್ನು ಮಾತ್ರ ಇದ್ದ ಹಾಗೆ ಬಿಡಬೇಡಿ. ಸಹಾಯಕಿ ಕೆಲಸ ಬಿಡಬೇಕಿಲ್ಲ, ಆದರೆ ಬಟನ್ ಒತ್ತುವ ಹೊತ್ತಿಗೆ ಆಕೆ ಕೋಣೆಯೊಳಗೆ ಇರಬಾರದು. ಎಲ್ಲರೂ ಸಂಶಯಪಡುತ್ತಿರುವ ಗೋಡೆ ಗಟ್ಟಿಯಾಗಿಯೇ ಇದೆ, ಯಾರೂ ಕೇಳದ ಪಾರ್ಟಿಷನ್ನೇ ಬಡವು. ಈ ತೀರ್ಮಾನಕ್ಕೆ ಬರಲು ಬೇಕಾದ ಲೆಕ್ಕ ದೊಡ್ಡದೇನಲ್ಲ, ಕಾಗದ ಪೆನ್ನು ಹಿಡಿದು ನೀವೇ ಮಾಡಿಕೊಳ್ಳಬಹುದು.

ಮೊದಲು ಒಂದು ಎಕ್ಸ್‌ರೇಗೆ ಎಷ್ಟು ಕಿರಣ ಹೊರಬರುತ್ತದೆ ನೋಡೋಣ. 70 ಕಿಲೋವೋಲ್ಟ್ ಯಂತ್ರದಲ್ಲಿ ದೊಡ್ಡವರ ದವಡೆ ಹಲ್ಲಿನ ಚಿತ್ರ ತೆಗೆಯುವಾಗ ಟ್ಯೂಬಿನ ಮುಂದಿರುವ ಕೊಳವೆಯ, ಅಂದರೆ ಕೋನ್‌ನ, ತುದಿಯಲ್ಲಿ ರೋಗಿಯ ಕೆನ್ನೆ ಮೇಲೆ ಬೀಳುವುದು ಹೆಚ್ಚುಕಡಿಮೆ 2 ಮಿಲಿಗ್ರೇ ಎಂದಿಟ್ಟುಕೊಳ್ಳಿ. ಸರಿಯಾಗಿ ಹೊಂದಿಸಿದ ಡಿಜಿಟಲ್ ಯಂತ್ರದಲ್ಲಿ ಇದಕ್ಕಿಂತ ಕಡಿಮೆಯೇ ಸಾಕಾಗುತ್ತದೆ. ಲೆಕ್ಕಕ್ಕೆ ತುಸು ಹೆಚ್ಚು ಹಿಡಿಯುವುದು ವಾಡಿಕೆ. ಟ್ಯೂಬಿನೊಳಗೆ ಕಿರಣ ಹುಟ್ಟುವ ಜಾಗದಿಂದ ಕೋನ್ ತುದಿಗೆ 20 ಸೆಂಟಿಮೀಟರ್ ಇದ್ದರೆ, 1 ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ದೂರ ಐದು ಪಟ್ಟಾಗುತ್ತದೆ, ಕಿರಣ ಇಪ್ಪತ್ತೈದರಲ್ಲೊಂದು ಪಾಲಿಗೆ ಇಳಿಯುತ್ತದೆ. ಅದು ಸುಮಾರು 80 ಮೈಕ್ರೋಗ್ರೇ. ಆದರೆ ನಡುವೆ ರೋಗಿಯ ತಲೆ ಇದೆ. ಕೆನ್ನೆ, ಹಲ್ಲು, ಎಲುಬು, ಸೆನ್ಸರ್ ಎಲ್ಲ ದಾಟಿ ಆಚೆ ಬರುವುದು ನೂರರಲ್ಲೊಂದು ಪಾಲಿನ ಆಸುಪಾಸು. ಅದಕ್ಕೆ ತಲೆಯಿಂದ ಎಲ್ಲ ದಿಕ್ಕಿಗೂ ಚದುರುವ ಕಿರಣವನ್ನು ಕೂಡಿಸಿದರೂ, ರೋಗಿಯಿಂದ 1 ಮೀಟರ್ ದೂರದಲ್ಲಿ ಯಾವ ದಿಕ್ಕಿಗೆ ನಿಂತರೂ ಒಂದು ಎಕ್ಸ್‌ರೇಗೆ 1 ಮೈಕ್ರೋಗ್ರೇ ಎಂದು ಹಿಡಿಯುವುದು ಸುರಕ್ಷಿತ ಅಂದಾಜು. ಮೈಮೇಲಿನ ಪರಿಣಾಮದ ಅಳತೆಯಲ್ಲಿ ಇದನ್ನೇ 1 ಮೈಕ್ರೋಸೀವರ್ಟ್ ಎಂದುಕೊಂಡು ಮುಂದೆ ಹೋಗೋಣ. ಸಾವಿರ ಮೈಕ್ರೋ ಸೇರಿದರೆ ಒಂದು ಮಿಲಿಸೀವರ್ಟ್.

ಇನ್ನು ಕೆಲಸದ ಪ್ರಮಾಣ. ಒಂದು ರೂಟ್ ಕೆನಾಲ್‌ಗೆ ಶುರುವಿನದು, ಉದ್ದ ಅಳೆಯುವಾಗಿನದು, ಬೇರು ತುಂಬುವ ಗಟ್ಟಾಪರ್ಚಾ ಕಡ್ಡಿ ಇಟ್ಟು ನೋಡುವುದು, ತುಂಬಿದ ಮೇಲಿನದು, ನಡುವೆ ಮತ್ತೊಂದು ಎಂದು ಐದು ಚಿತ್ರ ಆಗುತ್ತವೆ. ದಿನಕ್ಕೆ ಅಂಥ ನಾಲ್ಕು ಎಂದರೆ 20 ಚಿತ್ರ. ವಾರಕ್ಕೆ ಆರು ದಿನ, ವರ್ಷಕ್ಕೆ ಐವತ್ತು ವಾರ ಎಂದರೆ 6,000. ಹೊಸ ಕ್ಲಿನಿಕ್‌ಗೆ ಇದು ಬಹಳ ಹೆಚ್ಚು. ಆದರೆ ಗೋಡೆಯನ್ನು ಮತ್ತೆ ಮತ್ತೆ ಕಟ್ಟಲಾಗುವುದಿಲ್ಲ, ಆದ್ದರಿಂದ ಮುಂದಿನ ದಿನಗಳ ಲೆಕ್ಕ ಹಿಡಿಯಬೇಕು. ಅಲ್ಲಿಗೆ ರೋಗಿಯಿಂದ 1 ಮೀಟರ್ ದೂರದಲ್ಲಿ ಏನೂ ಮರೆಯಿಲ್ಲದೆ ವರ್ಷವಿಡೀ ಪ್ರತಿ ಚಿತ್ರಕ್ಕೂ ನಿಂತವರಿಗೆ 6 ಮಿಲಿಸೀವರ್ಟ್. ಕ್ಲಿನಿಕ್‌ಗೆ ಸಂಬಂಧವಿಲ್ಲದ ಸಾರ್ವಜನಿಕರಿಗೆ ನಮ್ಮ ದೇಶದಲ್ಲಿ ಎಇಆರ್‌ಬಿ, ಅಂದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಇಟ್ಟಿರುವ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್.

ಈಗ ಖಾನಾವಳಿಗೆ ಬನ್ನಿ. ಅವರ ಗಲ್ಲಾ ಪೆಟ್ಟಿಗೆ ನಿಮ್ಮ ಕುರ್ಚಿಯಿಂದ ಗೋಡೆಯೂ ಸೇರಿ 2 ಮೀಟರ್ ದೂರ ಎಂದುಕೊಳ್ಳಿ. ದೂರ ಎರಡು ಪಟ್ಟಾದರೆ ಕಿರಣ ನಾಲ್ಕರಲ್ಲೊಂದು ಪಾಲು, ಅಂದರೆ ಗೋಡೆಯೇ ಇಲ್ಲದಿದ್ದರೆ 1.5 ಮಿಲಿಸೀವರ್ಟ್. ಇನ್ನು ಗೋಡೆ. 70 ಕಿಲೋವೋಲ್ಟ್ ಕಿರಣವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಲು 2.8 ಸೆಂಟಿಮೀಟರ್ ಕಾಂಕ್ರೀಟ್ ಸಾಕು, ಸೀಸವಾದರೆ ಅರ್ಧ ಮಿಲಿಮೀಟರ್. ನಾಲ್ಕೂವರೆ ಇಂಚಿನ ಸುಟ್ಟ ಇಟ್ಟಿಗೆ ಕಾಂಕ್ರೀಟಿಗಿಂತ ಹಗುರ. ಅದನ್ನು ಬಿಗಿಯಾಗಿ ಹಿಡಿದು 7 ಸೆಂಟಿಮೀಟರ್ ಕಾಂಕ್ರೀಟಿಗೆ ಸಮ ಎಂದುಕೊಳ್ಳೋಣ, ಗಿಲಾಯಿಯನ್ನು ಲೆಕ್ಕಕ್ಕೇ ಹಿಡಿಯುವುದು ಬೇಡ. ಎರಡೂವರೆ ಬಾರಿ ಹತ್ತರಲ್ಲೊಂದಾದರೆ ಸುಮಾರು ಮುನ್ನೂರರಲ್ಲೊಂದು ಪಾಲು. 1.5 ಮಿಲಿಸೀವರ್ಟ್ ಹೋಗಿ 5 ಮೈಕ್ರೋಸೀವರ್ಟ್ ಆಗುತ್ತದೆ, ಅದೂ ಇಡೀ ವರ್ಷಕ್ಕೆ. ನೆಲದಿಂದ, ಗಾಳಿಯಿಂದ, ಆಕಾಶದಿಂದ ನಮಗೆಲ್ಲ ತಾನಾಗಿಯೇ ಸಿಗುವ ವಿಕಿರಣ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್, ದಿನಕ್ಕೆ ಆರು ಮೈಕ್ರೋಸೀವರ್ಟ್‌ಗಿಂತ ಹೆಚ್ಚು. ಖಾನಾವಳಿಯವರಿಗೆ ಹೇಳಬೇಕಾದ ಮಾತು ಇಷ್ಟೇ: ನಿಮ್ಮ ಗೋಡೆಯಾಚೆಯಿಂದ ಅವರಿಗೆ ಒಂದು ವರ್ಷಕ್ಕೆ ಬರುವುದು, ಅವರ ಅಡುಗೆಮನೆಯಲ್ಲೇ ನಿಂತಲ್ಲಿ ಒಂದು ದಿನಕ್ಕೆ ಬರುವುದಕ್ಕಿಂತ ಕಡಿಮೆ.

ಇಟ್ಟಿಗೆ ಎಂದು ನೀವು ಹೇಳಿದ್ದನ್ನು ನಂಬಿ ಈ ಲೆಕ್ಕ ಮಾಡಿದ್ದೇನೆ. ಹೊಸ ಕಾಂಪ್ಲೆಕ್ಸುಗಳಲ್ಲಿ ಗಿಲಾಯಿ ಹಿಂದೆ ಏನಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ನಾಲ್ಕಿಂಚಿನ ಗಟ್ಟಿ ಸಿಮೆಂಟ್ ಬ್ಲಾಕ್ ಆದರೆ ಚಿಂತೆಯಿಲ್ಲ. ಒಳಗೆ ಟೊಳ್ಳಿರುವ ಬ್ಲಾಕ್ ಆದರೆ ಟೊಳ್ಳಿನ ಎದುರು ಎರಡು ತೆಳು ಗೋಡೆಗಳಷ್ಟೇ ತಡೆ. ನೀರಲ್ಲಿ ತೇಲುವಂಥ ಹಗುರ ಬಿಳಿ ಬ್ಲಾಕ್ ಈಗ ಬಹಳ ಬಳಕೆಯಲ್ಲಿದೆ. ಅದರ ನಾಲ್ಕಿಂಚು ಎರಡೂವರೆ ಸೆಂಟಿಮೀಟರ್ ಕಾಂಕ್ರೀಟಿಗೆ ಮಾತ್ರ ಸಮ, ಕಿರಣವನ್ನು ಎಂಟರಲ್ಲೊಂದು ಪಾಲಿಗಷ್ಟೇ ಇಳಿಸುತ್ತದೆ. ಹಾಗಿದ್ದರೆ ಖಾನಾವಳಿ ಕಡೆ 5 ಅಲ್ಲ, 190 ಮೈಕ್ರೋಸೀವರ್ಟ್ ಹತ್ತಿರ. ಮಿತಿಯೊಳಗೇ ಇದೆ, ಆದರೆ ಒಂದು ಬಗೆಯ ಗೋಡೆಗೂ ಇನ್ನೊಂದಕ್ಕೂ ವ್ಯತ್ಯಾಸ ಎಷ್ಟು ನೋಡಿ. ಸ್ವಿಚ್‌ಬೋರ್ಡ್ ಕೂಡಿಸಲು ಗೋಡೆ ಕೊರೆಯುವ ದಿನ ಗೌಂಡಿ ಹತ್ತಿರ ನಿಂತು ಉದುರುವ ಪುಡಿ ಯಾವ ಬಣ್ಣದ್ದು ನೋಡಿಕೊಳ್ಳಿ. ಕೆಂಪು ಬಂದರೆ ಇಟ್ಟಿಗೆ, ಹಿಟ್ಟಿನಂಥ ಬಿಳಿ ಬಂದರೆ ಹಗುರ ಬ್ಲಾಕ್, ಡ್ರಿಲ್ ಒಮ್ಮೆಲೇ ಒಳಗೆ ಜಾರಿದರೆ ಟೊಳ್ಳು. ಅದೇ ಹೊತ್ತಿಗೆ ಇನ್ನೊಂದು ಮಾತು: ಖಾನಾವಳಿಯವರ ಸ್ವಿಚ್‌ಬೋರ್ಡಿನ ಬೆನ್ನಿಗೇ ನಿಮ್ಮದನ್ನು ಕೂಡಿಸಬೇಡಿ. ಎರಡೂ ಕಡೆಯಿಂದ ಕೊರೆದರೆ ಅಲ್ಲಿ ಗೋಡೆಯೇ ಉಳಿಯುವುದಿಲ್ಲ.

ಮೇಲಿನ ಮನೆಯವರ ಬಗ್ಗೆ ಯೋಚಿಸಲೇಬೇಡಿ. ಐದಿಂಚಿನ ಸ್ಲ್ಯಾಬ್ ಮೂವತ್ತು ಸಾವಿರದಲ್ಲೊಂದು ಪಾಲನ್ನೂ ಬಿಡುವುದಿಲ್ಲ.

ಪ್ಲೈವುಡ್ ಕಡೆ ಕಥೆ ಬೇರೆ. ರಿಸೆಪ್ಷನ್ ಕುರ್ಚಿ ರೋಗಿಯ ತಲೆಯಿಂದ ಐದು ಅಡಿ, ಅಂದರೆ ಒಂದೂವರೆ ಮೀಟರ್ ಎಂದುಕೊಳ್ಳಿ. 6 ಮಿಲಿಸೀವರ್ಟ್ ಅನ್ನು ಒಂದೂವರೆಯ ವರ್ಗದಿಂದ, ಅಂದರೆ 2.25ರಿಂದ ಭಾಗಿಸಿದರೆ 2.7 ಬರುತ್ತದೆ. ಈ ಕಿರಣದ ಮುಂದೆ ಪ್ಲೈವುಡ್, ಜಿಪ್ಸಮ್ ಬೋರ್ಡ್, ಸಾದಾ ಗಾಜು ಯಾವುದನ್ನೂ ತಡೆ ಎಂದು ನಂಬುವಂತಿಲ್ಲ. ಅಲ್ಲಿ ದಿನವಿಡೀ ಕೂರುವ ಹುಡುಗಿಗೆ ಸಾರ್ವಜನಿಕರ ಮಿತಿಯ ಎರಡೂವರೆ ಪಟ್ಟಿಗೂ ಹೆಚ್ಚು ಬಂದಂತಾಯಿತು. ಬೆಂಚಿನ ಮೇಲೆ ಅರ್ಧ ಗಂಟೆ ಕಾಯುವ ರೋಗಿಗೆ ಇದರಿಂದ ಏನೂ ಇಲ್ಲ. ಯಾರು ಎಷ್ಟು ಹೊತ್ತು ಆ ಜಾಗದಲ್ಲಿರುತ್ತಾರೆ ಎಂಬುದೇ ಮುಖ್ಯ, ಆದ್ದರಿಂದ ಕಾಯುವ ಬೆಂಚು ಪಾರ್ಟಿಷನ್ ಹತ್ತಿರ ಇರಲಿ, ರಿಸೆಪ್ಷನ್ ಮೇಜು ದೂರ ಹೋಗಲಿ. ದಿನವಿಡೀ ಕೂರುವವರನ್ನು ಎಕ್ಸ್‌ರೇಗೆ ಅಂಟಿಸಿ, ಬಂದು ಹೋಗುವವರನ್ನು ದೂರ ಕೂರಿಸುವ ಏರ್ಪಾಡು ತಲೆಕೆಳಗು.

ಮೇಜು ಸರಿಸಿ 2.5 ಮೀಟರ್ ದೂರ ಒಯ್ದರೆ 0.96 ಮಿಲಿಸೀವರ್ಟ್ ಆಗುತ್ತದೆ. ಮಿತಿಗೆ ತಾಗಿಕೊಂಡೇ ನಿಂತ ಆ ಅಂಕಿಯನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಸಾಧ್ಯವಿದ್ದರೆ ಪಾರ್ಟಿಷನ್ ಕಿತ್ತು ಅಲ್ಲಿಯೂ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯನ್ನೇ ಏಳು ಅಡಿ ಎತ್ತರಕ್ಕೆ ಕಟ್ಟಿಸಿ. ಮೇಜು ಇದ್ದಲ್ಲೇ ಇದ್ದರೂ 2.7 ಮಿಲಿಸೀವರ್ಟ್ 9 ಮೈಕ್ರೋಸೀವರ್ಟ್‌ಗೆ ಬಂದು ನಿಲ್ಲುತ್ತದೆ. ಗೋಡೆ ಕಟ್ಟಲು ಮಾಲೀಕರು ಒಪ್ಪದಿದ್ದರೆ ಆಗ ಸೀಸ. ಅರ್ಧ ಮಿಲಿಮೀಟರ್ ಸೀಸ 2.7 ಅನ್ನು 0.27ಕ್ಕೆ ಇಳಿಸುತ್ತದೆ, ಒಂದು ಮಿಲಿಮೀಟರ್ ಆದರೆ 0.027ಕ್ಕೆ. ಒಂದು ಮಿಲಿಮೀಟರ್ ಹಾಕಿಸಿ. ಎಂಟು ಅಡಿ ಅಗಲ, ಏಳು ಅಡಿ ಎತ್ತರಕ್ಕೆ ಅದರ ತೂಕ 60 ಕಿಲೋ ಹತ್ತಿರ ಬರುತ್ತದೆ ಎಂಬುದನ್ನು ಬಡಿಗೇರರಿಗೆ ಮೊದಲೇ ಹೇಳಿ, ಯಾಕೆಂದರೆ ಸಾದಾ ಪಾರ್ಟಿಷನ್ನಿನ ಚೌಕಟ್ಟು ಅಷ್ಟು ತೂಕಕ್ಕೆ ಮಾಡಿದ್ದಲ್ಲ.

ಸೀಸದ ಕೆಲಸ ಕೆಡುವುದು ದಪ್ಪದಲ್ಲಲ್ಲ, ಕೂಡುವಲ್ಲಿ. ತಗಡನ್ನು ಮೇಲುಗಡೆ ಮಾತ್ರ ಮೊಳೆ ಹೊಡೆದು ಇಳಿಬಿಟ್ಟರೆ ಅದು ತನ್ನ ಭಾರಕ್ಕೇ ನಿಧಾನ ಜಗ್ಗುತ್ತದೆ, ಮೊಳೆಯ ತೂತು ಸೀಳಿ ದೊಡ್ಡದಾಗುತ್ತದೆ, ಒಂದೆರಡು ವರ್ಷದಲ್ಲಿ ಮೇಲೆ ಸಂದು ಬೀಳುತ್ತದೆ. ಇಡೀ ಹಾಳೆಯನ್ನು ಒಂದು ಪ್ಲೈಗೆ ಅಂಟಿಸಿ, ಮೇಲೊಂದು ಪ್ಲೈ ಮುಚ್ಚಿ ಹಿಡಿಸಬೇಕು. ಎರಡು ಹಾಳೆ ಕೂಡುವಲ್ಲಿ ಅಂಚಿಗೆ ಅಂಚು ತಾಗಿಸಿ ಬಿಡದೆ ಎರಡು ಬೆರಳಗಲ ಒಂದರ ಮೇಲೊಂದು ಹತ್ತಬೇಕು. ಬಾಗಿಲನ್ನು ಮರೆಯುವವರೇ ಹೆಚ್ಚು: ಗೋಡೆಗೆಲ್ಲ ಸೀಸ ಹಾಕಿ ಬಾಗಿಲಿಗೆ ಫ್ಲಶ್ ಡೋರ್ ಬಿಟ್ಟರೆ ಖರ್ಚೆಲ್ಲ ನೀರಿಗೆ ಹೋದಂತೆ. ಆ ಬಾಗಿಲಿಗೂ ಒಂದು ಮಿಲಿಮೀಟರ್ ಹಾಳೆ, ಚೌಕಟ್ಟಿನ ಮೇಲೂ ಅದರ ಅಂಚು ಹಾದು ಬರುವಂತೆ. ಒಳಗೆ ರೋಗಿಯನ್ನು ನೋಡಲು ಕಿಂಡಿ ಬೇಕೆಂದರೆ ಸೀಸದ ಗಾಜೇ ಆಗಬೇಕು, ಅದರ ಮೇಲೆ ಎಷ್ಟು ಸೀಸಕ್ಕೆ ಸಮ ಎಂದು ಬರೆದಿರುತ್ತದೆ. ಸೀಸದ ಪುಡಿ ವಿಷ, ಕತ್ತರಿಸುವ ಕೆಲಸ ಹೊರಗೇ ಆಗಲಿ. ತಗಡನ್ನು ಬರಿದಾಗಿ ಬಿಡದೆ ಮುಚ್ಚಿಸಿ.

ಇನ್ನು ನಿಮ್ಮ ಸಹಾಯಕಿ. ವಿಕಿರಣದ ಕೆಲಸ ಮಾಡುವ ಹೆಣ್ಣುಮಗಳು ತಾನು ಗರ್ಭಿಣಿ ಎಂದು ತಿಳಿಸಿದ ದಿನದಿಂದ ಹೆರಿಗೆಯವರೆಗೆ ಹೊಟ್ಟೆಯ ಮಗುವಿಗೆ ಒಟ್ಟು 1 ಮಿಲಿಸೀವರ್ಟ್ ಮೀರಬಾರದು ಎಂಬುದು ಎಇಆರ್‌ಬಿ ಮಿತಿ. ಅವರಿಗೆ ಇನ್ನು ಐದು ತಿಂಗಳು, ನಿಮ್ಮಲ್ಲಿ ಆ ಅವಧಿಗೆ ಮೇಲಿನ ದೊಡ್ಡ ಲೆಕ್ಕದಂತೆ 2,500 ಚಿತ್ರ. ಆಕೆ ರೋಗಿಯಿಂದ 1 ಮೀಟರ್ ದೂರದಲ್ಲಿ, ಅಂದರೆ ಬಹಳ ಕ್ಲಿನಿಕ್ಕುಗಳಲ್ಲಿ ಸಹಾಯಕರು ನಿಲ್ಲುವಲ್ಲೇ ನಿಂತರೆ 2.5 ಮಿಲಿಸೀವರ್ಟ್. ಅದು ಮೈಯ ಹೊರಗಿನ ಅಂಕಿ, ಮಗುವನ್ನು ಮುಟ್ಟುವುದು ಇನ್ನೂ ಕಡಿಮೆ ಎಂಬುದು ನಿಜ. ಆದರೂ ಆ ಸಮಾಧಾನಕ್ಕೆ ಒರಗಿ ನಿಲ್ಲಬೇಡಿ. 2 ಮೀಟರ್‌ಗೆ ಸರಿದರೆ 0.6. ಇಟ್ಟಿಗೆ ಗೋಡೆಯ ಹಿಂದೆ ಹೋದರೆ 2 ಮೈಕ್ರೋಸೀವರ್ಟ್. ಎಕ್ಸ್‌ರೇ ಬಟನ್ನಿನ ತಂತಿ ಬಾಗಿಲಾಚೆಗೆ ಹೋಗುವಷ್ಟು ಉದ್ದ ಇರುವುದೇ ಇದಕ್ಕಾಗಿ. ಚಿಕ್ಕ ತಂತಿ ಕೊಟ್ಟಿದ್ದರೆ ಹೊರಗೆ ಗೋಡೆಗೆ ಬಟನ್ ಕೂಡಿಸಿಕೊಡಲು ಯಂತ್ರ ಮಾರಿದವರಿಗೆ ಹೇಳಿ. ಯಾವ ಕಾರಣಕ್ಕಾದರೂ ಒಳಗೇ ನಿಲ್ಲಬೇಕಾಗಿ ಬಂದರೆ ರೋಗಿಯಿಂದ 2 ಮೀಟರ್ ದೂರ, ಕೋನ್ ನೋಡುತ್ತಿರುವ ದಿಕ್ಕಿಗೆ ಅಡ್ಡವಾಗಿ ಅಥವಾ ತುಸು ಹಿಂದಕ್ಕೆ. ಕೋನ್‌ನ ಎದುರಿಗೆ ಎಂದೂ ಅಲ್ಲ.

ಆಕೆಯಾಗಲಿ ನೀವಾಗಲಿ ಎಂದೂ ಮಾಡಬಾರದ ಒಂದು ಕೆಲಸವಿದೆ: ರೋಗಿಯ ಬಾಯೊಳಗೆ ಸೆನ್ಸರ್ ಹಿಡಿದು ನಿಲ್ಲುವುದು. ಕೋನ್ ತುದಿಯಲ್ಲಿ 2,000 ಮೈಕ್ರೋಗ್ರೇ, 1 ಮೀಟರ್ ದೂರದಲ್ಲಿ 1. ಬೆರಳು ನೇರ ಕಿರಣಕ್ಕೆ ಒಂದು ಸಲ ಸಿಕ್ಕಿತೆಂದರೆ ಒಂದು ಮೀಟರ್ ದೂರದಲ್ಲಿ ಎರಡು ಸಾವಿರ ಸಲ ನಿಂತದ್ದನ್ನು ಆ ಬೆರಳು ಒಂದೇ ಏಟಿಗೆ ಉಂಡಂತೆ. ಸೆನ್ಸರ್ ಹಿಡಿಯುವ ಹೋಲ್ಡರ್‌ಗೆ ಬಾಯಿ ಕೊಡದ ಮಗುವಾದರೆ ಜೊತೆಗೆ ಬಂದ ತಂದೆಯೋ ತಾಯಿಯೋ ಸೀಸದ ಏಪ್ರನ್ ಹಾಕಿಕೊಂಡು ಹಿಡಿಯಲಿ, ಆ ತಾಯಿ ಗರ್ಭಿಣಿ ಅಲ್ಲ ಎಂದು ಕೇಳಿಕೊಂಡೇ. ಯಂತ್ರದ ತೋಳಿನ ಸ್ಪ್ರಿಂಗ್ ಸಡಿಲಾಗಿ ಟ್ಯೂಬ್ ತೂಗಾಡುತ್ತಿದ್ದರೆ ಅದನ್ನು ಕೈಯಲ್ಲಿ ಹಿಡಿದು ಚಿತ್ರ ತೆಗೆಯುವ ರೂಢಿಯೂ ಅಲ್ಲಲ್ಲಿ ಇದೆ. ಸ್ಪ್ರಿಂಗ್ ಬಿಗಿ ಮಾಡಿಸಲು ಒಬ್ಬ ಮೆಕ್ಯಾನಿಕ್ ಒಂದು ಮಧ್ಯಾಹ್ನ ಬಂದು ಹೋದರೆ ಸಾಕು.

ಮಿತಿಯೊಳಗೆ ಇದ್ದ ಮೇಲೆ ಮತ್ತೇಕೆ ತಗ್ಗಿಸಬೇಕು ಎಂಬ ಪ್ರಶ್ನೆಗೆ ಈಗ ಬರಬಹುದು, ಅಂಕಿಗಳು ಕೈಯಲ್ಲಿವೆ. ವಿಕಿರಣದ ಹಾನಿ ಎರಡು ಬಗೆ. ಚರ್ಮ ಸುಡುವುದು, ಕಣ್ಣಿಗೆ ಪೊರೆ ಬರುವುದು ಇಂಥವಕ್ಕೆ ಒಂದು ಹೊಸ್ತಿಲಿದೆ. ಅದನ್ನು ದಾಟದಿದ್ದರೆ ಆಗುವುದಿಲ್ಲ, ಹಲ್ಲಿನ ಎಕ್ಸ್‌ರೇ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಕ್ಯಾನ್ಸರ್ ಹಾಗಲ್ಲ. ಅಲ್ಲಿ ಪ್ರಮಾಣ ಹೆಚ್ಚಿದಂತೆ ರೋಗದ ತೀವ್ರತೆ ಹೆಚ್ಚುವುದಿಲ್ಲ, ಬರುವ ಸಂಭವ ಹೆಚ್ಚುತ್ತದೆ. ಇದಕ್ಕಿಂತ ಕೆಳಗಿದ್ದರೆ ಸಂಭವ ಸೊನ್ನೆ ಎಂಬ ಗೆರೆ ಸಿಕ್ಕಿಲ್ಲವಾದ್ದರಿಂದ, ಪ್ರಮಾಣಕ್ಕೆ ತಕ್ಕಂತೆ ಸಂಭವವೂ ಇದೆ ಎಂದೇ ಹಿಡಿಯುವುದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ನಿಲುವು. ಅವರ ಲೆಕ್ಕದಲ್ಲಿ ಒಂದು ಸೀವರ್ಟ್‌ಗೆ ನೂರಕ್ಕೆ ಐದರ ಆಸುಪಾಸು. ಒಂದು ಹಲ್ಲಿನ ಚಿತ್ರದಿಂದ ರೋಗಿಯ ಇಡೀ ಮೈಗೆ ಹಂಚಿ ನೋಡಿದಾಗ ಬರುವುದು 5 ಮೈಕ್ರೋಸೀವರ್ಟ್ ಎಂದು ಹಿಡಿದರೆ ಸಂಭವ ನಲವತ್ತು ಲಕ್ಷಕ್ಕೆ ಒಂದು. ಆ ಒಬ್ಬ ರೋಗಿ ಇದಕ್ಕೆ ಹೆದರಿ ಬೇಕಾದ ಎಕ್ಸ್‌ರೇ ಬಿಡುವುದು ಮೂರ್ಖತನ. ಆದರೆ ಮಿತಿ ಎಂಬುದು ಅಲ್ಲಿಯವರೆಗೆ ಖರ್ಚು ಮಾಡಬಹುದು ಎಂದು ಕೊಟ್ಟ ಮೊತ್ತವಲ್ಲ. ಲಾಭವಿಲ್ಲದ ಚೂರು ಕಿರಣಕ್ಕೂ ಚೂರು ಬೆಲೆಯಿದೆ ಎಂದಮೇಲೆ, ಸಲೀಸಾಗಿ ಕಳೆಯಬಹುದಾದದ್ದನ್ನು ಕಳೆಯಬೇಕು. ಅಲಾರಾ ಎಂದು ಕರೆಯುವ ತತ್ವ ಇದೇ. ಅದರಲ್ಲಿ 'ಸಮಂಜಸವಾಗಿ ಸಾಧ್ಯವಿರುವಷ್ಟು' ಎಂಬ ಮಾತಿದೆ, ಖರ್ಚು ಮತ್ತು ಶ್ರಮವನ್ನು ತೂಗಿ ನೋಡಿ ಎಂದೇ ಅದರ ಅರ್ಥ.

ನಿಮ್ಮ ಕೋಣೆಯಲ್ಲೇ ತೂಗೋಣ. ಪಾರ್ಟಿಷನ್ನಿಗೆ ಅರ್ಧದ ಬದಲು ಒಂದು ಮಿಲಿಮೀಟರ್ ಸೀಸ ಹಾಕಿದರೆ ದಿನವಿಡೀ ಕೂರುವ ಒಬ್ಬಳಿಗೆ ವರ್ಷಕ್ಕೆ 240 ಮೈಕ್ರೋಸೀವರ್ಟ್ ಕಡಿಮೆಯಾಗುತ್ತದೆ. ಬಡಿಗೇರರ ಕೂಲಿ ಅಷ್ಟೇ, ತಗಡಿನ ಬೆಲೆ ಮಾತ್ರ ಹೆಚ್ಚು. ಇದು ಸಮಂಜಸ. ಒಂದನ್ನು ಎರಡು ಮಿಲಿಮೀಟರ್ ಮಾಡಿದರೆ ಮತ್ತೆ ಕಡಿಮೆಯಾಗುವುದು ಇಪ್ಪತ್ತೇಳರೊಳಗೆ, ತೂಕ ಮಾತ್ರ 120 ಕಿಲೋ. ಬೇಡ. ಖಾನಾವಳಿ ಗೋಡೆಗೆ ಸೀಸ ಹಾಕಿದರೆ ವರ್ಷಕ್ಕೆ ನಾಲ್ಕೈದು ಮೈಕ್ರೋಸೀವರ್ಟ್ ಉಳಿಸಲು ಸಾವಿರಾರು ರೂಪಾಯಿ ಗೋಡೆಗೆ ಮೆತ್ತಿದಂತೆ. ಆ ಹಣಕ್ಕೆ ಇದಕ್ಕಿಂತ ಒಳ್ಳೆ ಜಾಗವಿದೆ: ಯಂತ್ರದ ಕೋನ್ ತುದಿ. ಅಲ್ಲಿ ಅರ್ಧ ಕಡಿಮೆ ಮಾಡಿದರೆ ರೋಗಿಗೆ, ನಿಮಗೆ, ಸಹಾಯಕಿಗೆ, ರಿಸೆಪ್ಷನ್ನಿಗೆ, ಖಾನಾವಳಿಗೆ ಎಲ್ಲರಿಗೂ ಒಮ್ಮೆಲೇ ಅರ್ಧ ಕಡಿಮೆ. ಗೋಡೆ ರೋಗಿಯನ್ನು ಕಾಯುವುದಿಲ್ಲ ಎಂಬುದನ್ನೂ ನೆನಪಿಡಿ, ಅವರು ಗೋಡೆಯ ಒಳಗಿದ್ದಾರೆ.

ಕೋನ್ ತುದಿಯಲ್ಲಿ ಮೊದಲು ನೋಡಬೇಕಾದ್ದು ಸಮಯ. ಫಿಲ್ಮ್ ಕಾಲದಲ್ಲಿ ಹೆಚ್ಚು ಕಿರಣ ಬಿದ್ದರೆ ಚಿತ್ರ ಕಪ್ಪಾಗಿ ತಪ್ಪು ಕಣ್ಣಿಗೇ ಹೊಡೆಯುತ್ತಿತ್ತು. ಸೆನ್ಸರ್ ಹಾಗೆ ದೂರುವುದಿಲ್ಲ. ಬೇಕಾದ್ದರ ಎರಡು ಪಟ್ಟು ಬಿದ್ದರೂ ಸಾಫ್ಟ್‌ವೇರ್ ಬಣ್ಣ ಹೊಂದಿಸಿ ಚಂದದ ಚಿತ್ರವನ್ನೇ ತೋರಿಸುತ್ತದೆ. ಕಡಿಮೆ ಬಿದ್ದರೆ ಮಾತ್ರ ರವೆ ಚೆಲ್ಲಿದಂತೆ ಕಾಣುತ್ತದೆ, ಆಗ ಯಾರೋ ಸಮಯ ಹೆಚ್ಚಿಸುತ್ತಾರೆ, ಇಳಿಸುವವರು ಯಾರೂ ಇಲ್ಲ. ಹೀಗೆ ವರ್ಷ ಕಳೆದಂತೆ ಗೊತ್ತಾಗದೆ ಪ್ರಮಾಣ ಏರುತ್ತ ಹೋಗುತ್ತದೆ. ಇದಕ್ಕೆ ಮದ್ದು ಒಂದು ಸಂಜೆಯ ಕೆಲಸ. ಕಿತ್ತಿಟ್ಟ ದವಡೆ ಹಲ್ಲೊಂದನ್ನು ಮೇಣದಲ್ಲಿ ಕೂಡಿಸಿ ಸೆನ್ಸರ್ ಮುಂದಿಡಿ, ಕೋನ್‌ಗೂ ಹಲ್ಲಿಗೂ ನಡುವೆ ಕೆನ್ನೆಯ ಬದಲಿಗೆ ಎರಡು ಬೆರಳು ದಪ್ಪದ ಮೇಣವೋ ನೀರಿನ ಡಬ್ಬಿಯೋ ಇರಲಿ. ಯಂತ್ರ ಸೂಚಿಸುವ ಸಮಯದಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಇಳಿಸುತ್ತ ಚಿತ್ರ ತೆಗೆಯಿರಿ, ಸಾಫ್ಟ್‌ವೇರಿನ ತಾನಾಗಿ ಹೊಂದಿಸುವ ಸೌಲಭ್ಯ ಆರಿಸಿಟ್ಟು. ಬೇರಿನ ತುದಿ ಅಥವಾ ಕೆನಾಲ್‌ನೊಳಗೆ ಇಳಿಸಿದ 10 ಅಥವಾ 15ನೇ ನಂಬರಿನ ಫೈಲ್ ಸೂಜಿಯ ತುದಿ ರವೆಯಲ್ಲಿ ಮುಳುಗಿ ಸಂಶಯ ಬರುವ ಮೆಟ್ಟಿಲು ಸಿಕ್ಕಾಗ ನಿಲ್ಲಿಸಿ. ಅದರಿಂದ ಒಂದು ಮೆಟ್ಟಿಲು ಮೇಲೆ ನಿಮ್ಮ ಸಮಯ. ಮುಂದಿನ ಹಲ್ಲು, ದವಡೆ ಹಲ್ಲು, ಮಗು ಎಂದು ಬೇರೆ ಬೇರೆ ಬರೆದು ಬಟನ್ ಪಕ್ಕ ಅಂಟಿಸಿ, ಇಲ್ಲದಿದ್ದರೆ ಎಂಟು ವರ್ಷದ ಹುಡುಗನಿಗೂ ಅಜ್ಜನಿಗೂ ಒಂದೇ ಸಮಯ ಬೀಳುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕು ವೋಲ್ಟೇಜ್. ಮಾಮೂಲಿ ಎಸಿ ಎಕ್ಸ್‌ರೇ ಯಂತ್ರಕ್ಕೆ ಸಂಜೆ ಹೊತ್ತು ಕರೆಂಟ್ ಇಳಿದು ಬಂದರೆ ಟ್ಯೂಬಿನ ಕಿಲೋವೋಲ್ಟ್ ಕೂಡ ಇಳಿಯುತ್ತದೆ, ಕಿರಣ ಮೆತ್ತಗಾಗುತ್ತದೆ. ಮೆತ್ತಗಿನ ಕಿರಣ ಹಲ್ಲು ದಾಟಿ ಸೆನ್ಸರ್ ಮುಟ್ಟದೆ ಕೆನ್ನೆಯಲ್ಲೇ ಇಂಗುತ್ತದೆ. ಚಿತ್ರ ಸರಿಬರಲಿಲ್ಲ ಎಂದು ಮತ್ತೊಮ್ಮೆ ತೆಗೆದರೆ ರೋಗಿಗೆ ಎರಡು ಪಟ್ಟು. ಬೆಳಿಗ್ಗೆ ಚಂದ ಬಂದದ್ದು ಸಂಜೆ ರವೆರವೆಯಾಗುತ್ತಿದ್ದರೆ ಸೆನ್ಸರ್ ಬೈಯುವ ಮುನ್ನ ವೋಲ್ಟೇಜ್ ಅಳೆಯಿರಿ. ಸ್ಟೆಬಿಲೈಸರ್ ಹಾಕಿ, ಇನ್ನೂ ಕೊಂಡಿಲ್ಲವಾದರೆ ಡಿಸಿ ಯಂತ್ರವನ್ನೇ ಕೊಳ್ಳಿ.

ಎರಡನೆಯದು ಕಿರಣದ ಅಗಲ. ದುಂಡು ಕೋನ್‌ನ ಬಾಯಿ 6 ಸೆಂಟಿಮೀಟರ್ ಅಡ್ಡಳತೆ, ಅಂದರೆ 28 ಚದರ ಸೆಂಟಿಮೀಟರ್. ಸೆನ್ಸರ್‌ಗೆ ಬೇಕಾದ್ದು ಅದರಲ್ಲಿ ಸ್ವಲ್ಪ, ಉಳಿದದ್ದು ಸುಮ್ಮನೆ ಗಲ್ಲ, ಕುತ್ತಿಗೆಗೆ ಬೀಳುತ್ತದೆ. ಕೋನ್‌ಗೆ ಸಿಕ್ಕಿಸುವ ಆಯತದ ಮುಖವಾಡ ಸಿಗುತ್ತದೆ. ಮೂರೂವರೆ ನಾಲ್ಕೂವರೆ ಸೆಂಟಿಮೀಟರ್ ಬಾಯಿ ಎಂದರೆ 16 ಚದರ ಸೆಂಟಿಮೀಟರ್. ರೋಗಿಯ ಮೈಯಲ್ಲಿ ಕಿರಣ ಬೀಳುವ ಜಾಗ ಅರ್ಧದ ಹತ್ತಿರಕ್ಕೆ ಬರುತ್ತದೆ, ಚದುರುವುದೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಚದುರಿದ ಕಿರಣದ ಮಸುಕು ಕಡಿಮೆಯಾಗಿ ಚಿತ್ರವೂ ಚೊಕ್ಕವಾಗುತ್ತದೆ. ಇದನ್ನು ಉಂಗುರವಿರುವ ಹೋಲ್ಡರ್ ಜೊತೆಗೇ ಬಳಸಬೇಕು. ಬರಿ ಕಣ್ಣಂದಾಜಿನಲ್ಲಿ ಹಿಡಿದರೆ ಅರ್ಧ ಚಿತ್ರ ಬೆಳ್ಳಗೆ ಕತ್ತರಿಸಿ ಬರುತ್ತದೆ, ಮತ್ತೆ ತೆಗೆಯುವುದರಲ್ಲಿ ಉಳಿಸಿದ್ದೆಲ್ಲ ಹೋಗುತ್ತದೆ. ಕೋನ್ ತುದಿ ಉಂಗುರಕ್ಕೆ ಪೂರ್ತಿ ತಾಗಿರಲಿ.

ರೋಗಿಗೆ ಹೊದಿಸುವ ಸೀಸದ ಏಪ್ರನ್ ಬಗ್ಗೆ ನೀವು ಕೇಳಿಲ್ಲ, ಆದರೂ ರೋಗಿಗಳು ಕೇಳುತ್ತಾರೆ. ಹೊಟ್ಟೆಯ ಕಡೆಗೆ ಹೋಗುವ ಕಿರಣದ ಬಹುಪಾಲು ತಲೆಯೊಳಗೇ ಚದುರಿ ಮೈಯೊಳಗಿನಿಂದಲೇ ಇಳಿಯುತ್ತದೆ. ಹೊರಗಿನ ಹೊದಿಕೆ ಅದನ್ನು ತಡೆಯಲಾರದು. 2024ರಲ್ಲಿ ಅಮೆರಿಕದ ದಂತವೈದ್ಯರ ಸಂಘ ರೋಗಿಗಳಿಗೆ ಏಪ್ರನ್, ಥೈರಾಯ್ಡ್ ಕಾಲರ್ ಎರಡನ್ನೂ ವಾಡಿಕೆಯಾಗಿ ಹಾಕುವುದು ಬೇಡ ಎಂದಿತು, ಅದರ ಬದಲು ಕೋನ್ ಬಾಯಿ ಚಿಕ್ಕದು ಮಾಡಿ ಎಂದಿತು. ನಿಮ್ಮಲ್ಲಿ ದುಂಡು ಕೋನ್ ಇರುವವರೆಗೆ ಮಕ್ಕಳಿಗೆ ಕಾಲರ್ ಹಾಕಿ, ಅವರ ಥೈರಾಯ್ಡ್ ದವಡೆಗೆ ಬಹಳ ಹತ್ತಿರ, ಕಿರಣಕ್ಕೆ ಬೇಗ ನೋಯುವಂಥದ್ದು. ಕಾಲು ಮಿಲಿಮೀಟರ್ ಸೀಸಕ್ಕೆ ಸಮನಾದ ಏಪ್ರನ್ ಒಂದು ಕ್ಲಿನಿಕ್‌ನಲ್ಲಿ ಇರಲೇಬೇಕು. ಮಡಚಿಡಬೇಡಿ, ಮಡಿಕೆಯಲ್ಲಿ ಸೀಸ ಬಿರಿಯುತ್ತದೆ, ಹೊರಗಿನ ಬಟ್ಟೆ ಮಾತ್ರ ಚಂದ ಇರುತ್ತದೆ. ಗೂಟಕ್ಕೆ ತೂಗುಹಾಕಿ.

ಎಲ್ಲ ಕಟ್ಟಿ ಮುಗಿದ ಮೇಲೆ ಅಳತೆ ಮಾಡಿಸಿ. ಇಲ್ಲಿ ಒಂದು ಮೋಸ ನಡೆಯುತ್ತದೆ, ಬೇಕೆಂದೇ ಅಲ್ಲ, ತಿಳಿಯದೆ. ಮೀಟರ್ ತಂದವರು ಅದನ್ನು ಪಾರ್ಟಿಷನ್ ಹಿಂದೆ ಹಿಡಿದು ಒಂದು ಎಕ್ಸ್‌ರೇ ಒತ್ತಿಸಿ, ಮುಳ್ಳು ಅಲುಗಲಿಲ್ಲ, ಎಲ್ಲ ಸುರಕ್ಷಿತ ಎಂದು ಬರೆದುಕೊಡುತ್ತಾರೆ. ನಿಮ್ಮ ಎಕ್ಸ್‌ರೇ ಒಂದು ಸೆಕೆಂಡಿನ ಐದರಲ್ಲೊಂದು ಪಾಲು ಹೊತ್ತಿನದು. ಗಂಟೆಗೆ ಎಷ್ಟು ಎಂದು ತೋರಿಸುವ ಮೀಟರ್ ಏಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಏನೂ ಮರೆಯಿಲ್ಲದ ಪ್ಲೈವುಡ್ ಹಿಂದೆಯೂ ಅದು ನಿಜಕ್ಕಿಂತ ಬಹಳ ಕಡಿಮೆಯೇ ತೋರಿಸುತ್ತದೆ. ಒಟ್ಟು ಕೂಡಿಸಿ ತೋರಿಸುವ ಬಗೆಯಲ್ಲಿ ಮೀಟರ್ ಇಡಿಸಿ. ಕುರ್ಚಿಯ ಮೇಲೆ ತಲೆ ಇರುವ ಎತ್ತರಕ್ಕೆ ಐದು ಲೀಟರ್ ನೀರಿನ ಕ್ಯಾನ್ ಇಟ್ಟು, ಅದಕ್ಕೆ ಕೋನ್ ತಾಗಿಸಿ, ಪಾರ್ಟಿಷನ್ ಕಡೆ ಮುಖ ಮಾಡಿ, ನಿಮ್ಮ ದವಡೆ ಹಲ್ಲಿನ ಸಮಯದಲ್ಲಿ 20 ಸಲ ಒತ್ತಿ. ನಡುನಡುವೆ ಟ್ಯೂಬ್ ತಣಿಯಲು ಯಂತ್ರದ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಬಿಡಿ. ಮೀಟರ್ ರಿಸೆಪ್ಷನ್ ಕುರ್ಚಿಯ ಎದೆಮಟ್ಟದಲ್ಲಿರಲಿ. ಇಪ್ಪತ್ತಕ್ಕೆ 0.8 ಮೈಕ್ರೋಸೀವರ್ಟ್ ತೋರಿಸಿತು ಎನ್ನಿ, ಒಂದಕ್ಕೆ 0.04, ಆರು ಸಾವಿರಕ್ಕೆ 240. ಒಂದು ಮಿಲಿಮೀಟರ್ ಸೀಸಕ್ಕೆ ನಮ್ಮ ಲೆಕ್ಕ 27 ಇತ್ತು, ಅದೂ ಹೆಚ್ಚು ಹಿಡಿದು ಮಾಡಿದ್ದು. ಹಾಗಾದರೆ ಎಲ್ಲೋ ಸಂದು ಬಿಟ್ಟಿದೆ, ಅಥವಾ ಹಾಕಿದ ತಗಡು ಅರ್ಧ ಮಿಲಿಮೀಟರಿನದು. ಕೆಲಸದವರಿಗೆ ಪೂರ್ತಿ ಹಣ ಕೊಡುವ ಮೊದಲೇ ಈ ಅಳತೆ ಆಗಲಿ. ಅದೇ ಕಾಗದ, ಕೋಣೆಯ ನಕ್ಷೆ, ಎಇಆರ್‌ಬಿ ಒಪ್ಪಿದ ಮಾದರಿಯ ಯಂತ್ರದ ದಾಖಲೆ ಒಂದು ಕಡತದಲ್ಲಿರಲಿ. ಅನುಮತಿಯ ಅರ್ಜಿ ಎಇಆರ್‌ಬಿಯ ಇ-ಲೋರಾ ಜಾಲತಾಣದಲ್ಲೇ ಹಾಕಬೇಕು.

ಇಲ್ಲಿನ ಒಂದೊಂದು ಅಂಕಿಯೂ ಬಾಯೊಳಗೆ ಸೆನ್ಸರ್ ಇಟ್ಟು ತೆಗೆಯುವ 70 ಕಿಲೋವೋಲ್ಟ್ ಯಂತ್ರಕ್ಕೆ ಮಾತ್ರ. ಮುಂದೆ ಇದೇ ಕೋಣೆಯಲ್ಲಿ ಇಡೀ ದವಡೆಯ ಚಿತ್ರ ತೆಗೆಯುವ ಓಪಿಜಿ ಅಥವಾ ಮೂರು ಆಯಾಮದ ಸಿಬಿಸಿಟಿ ಕೂಡಿಸುವ ಯೋಚನೆ ಇದ್ದರೆ ಈಗಲೇ ಹೇಳಿಬಿಡಿ. ಸಿಬಿಸಿಟಿ ಯಂತ್ರಗಳು 90 ಕಿಲೋವೋಲ್ಟ್ ಮತ್ತು ಅದಕ್ಕೂ ಮೇಲೆ ಓಡುತ್ತವೆ, ಒಂದು ಸ್ಕ್ಯಾನಿನಿಂದ ಚದುರುವುದು ಒಂದು ಹಲ್ಲಿನ ಚಿತ್ರದ್ದಕ್ಕಿಂತ ಎಷ್ಟೋ ಪಟ್ಟು, ಅದೇ ಒಂದು ಮಿಲಿಮೀಟರ್ ಸೀಸ ಆ ಗಟ್ಟಿ ಕಿರಣದ ಮುಂದೆ ಅಷ್ಟೇ ಕೆಲಸ ಮಾಡುವುದಿಲ್ಲ. ಆಗ ಪಾರ್ಟಿಷನ್ ಬಿಟ್ಟು ಒಂಬತ್ತು ಇಂಚಿನ ಗೋಡೆಯ ಮಾತಾಡಬೇಕಾಗುತ್ತದೆ, ಅದನ್ನು ಗೌಂಡಿ ಕೋಣೆಯಲ್ಲಿರುವಾಗಲೇ ತೀರ್ಮಾನಿಸುವುದು ಅಗ್ಗ.